ಮೂರು ಗಂಟಿನ ಮನೆ: ಇಲ್ಲದ ಊರಿಗೊಂದು ವೈದ್ಯ ಕಟ್ಟಿದ ಕಥೆ

ನನ್ನ ಕಾದಂಬರಿಯ ಮೊದಲ ಕರಡಿನಲ್ಲಿ ಒಂದು ಸೊಪ್ಪು ಇತ್ತು. ಹೊಳೆಸೀಮೆ ಅಂತ ನಾನೇ ಕಟ್ಟಿದ ನಾಡಿನ ಕಾಡಿನಲ್ಲಿ ಬೆಳೆಯುವ ಸೊಪ್ಪು. ಅರೆದು ಹಚ್ಚಿದರೆ ಕತ್ತಿಗಾಯ ಕೂಡುತ್ತಿತ್ತು, ಕಷಾಯ ಕುಡಿದರೆ ಜ್ವರ ಬಿಡುತ್ತಿತ್ತು. ಕಥೆಯಲ್ಲಿ ಯಾರಿಗೆ ಏನಾದರೂ ಚೆನ್ನಿ ಅನ್ನುವ ವೈದ್ಯೆ ಓಡಿ ಬಂದು ಸೊಪ್ಪು ಅರೆಯುತ್ತಿದ್ದಳು.

ಕರಡನ್ನು ಮೊದಲು ಓದಲು ಕೊಟ್ಟದ್ದು ಅತ್ತಿಗೆಗೆ. ಅವರು 30 ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಓದಿ ಮುಗಿಸಿ ಒಂದೇ ಪ್ರಶ್ನೆ ಕೇಳಿದರು. "ಅಲ್ವೋ ಮಾರಾಯ, ಈ ಸೊಪ್ಪು ಇದ್ದ ಮೇಲೆ ನಿನ್ನ ದೊರೆ ಯಾಕೆ ಸತ್ತ?"

ದೊರೆ ಸಾಯಲೇಬೇಕಿತ್ತು. ಅವನು ಸಾಯದಿದ್ದರೆ ಕಥೆಯೇ ಇಲ್ಲ. "ಸೊಪ್ಪು ಸಿಗೋದು ತಡವಾಯ್ತು ಅತ್ತಿಗೆ" ಅಂದೆ. "ಅರಮನೆಯಲ್ಲಿ ಒಂದು ಮೂಟೆ ಒಣಗಿಸಿ ಇಟ್ಟುಕೊಳ್ಳೋಕೆ ಏನಾಗಿತ್ತು ಅವರಿಗೆ?" ಅಂದರು.

ಅವತ್ತೇ ಸೊಪ್ಪನ್ನು ಕಿತ್ತು ಹಾಕಿದೆ. ಅದು ಹೋದ ಜಾಗದಲ್ಲಿ ಏನಿಡಬೇಕು ಅಂತ ಗೊತ್ತಾಗಲು ಸುಮಾರು ಒಂದು ವರ್ಷ ಹಿಡಿಯಿತು.

ಮೊದಲು ಮಾಡಿದ ತಪ್ಪು ಎಂದರೆ ಮದ್ದುಗಳ ಪಟ್ಟಿ ಮಾಡಲು ಕೂತದ್ದು. ಬೇರು, ತೊಗಟೆ, ಎಣ್ಣೆ ಅಂತ ನಾಲ್ಕು ಪುಟ ಬರೆದೆ. ಯಾವುದೂ ನಿಲ್ಲಲಿಲ್ಲ. ಕಾಯಿಲೆ ಯಾವುದು ಅಂತಲೇ ಗೊತ್ತಿಲ್ಲದೆ ಮದ್ದು ಹುಡುಕುತ್ತಿದ್ದೆ. ಆಮೇಲೆ ಹೊಳೆಸೀಮೆಯ ನಕ್ಷೆ ಹರಡಿಕೊಂಡೆ. ಜನ ಎಲ್ಲಿ ನೀರು ಕುಡಿಯುತ್ತಾರೆ, ಎಲ್ಲಿ ನೀರು ನಿಲ್ಲುತ್ತೆ, ದನ ಎಲ್ಲಿ ಕಟ್ಟುತ್ತಾರೆ, ಬರಿಗಾಲಲ್ಲಿ ಎಲ್ಲಿ ಓಡಾಡುತ್ತಾರೆ ಅಂತ ಗುರುತು ಹಾಕಿದೆ. ಕಾಯಿಲೆಗಳು ತಾವಾಗಿಯೇ ಬಂದು ಕೂತವು. ಬಯಲಿನಲ್ಲಿ ಮೆಟ್ಟಿಲುಬಾವಿ, ಅಲ್ಲಿಗೆ ಹುಳು. ತಗ್ಗಿನಲ್ಲಿ ಕೆಸರುಗದ್ದೆ, ಅಲ್ಲಿಗೆ ಚಳಿಜ್ವರ. ಹಟ್ಟಿ ಮತ್ತು ಗೊಬ್ಬರದ ನೆಲ, ಅಲ್ಲಿಗೆ ಧನುರ್ವಾಯು.

ಹೊಸ ಕಾಯಿಲೆ ಹುಟ್ಟಿಸುವ ಆಸೆ ನನಗೂ ಇತ್ತು. ಮೈಯೆಲ್ಲಾ ನೀಲಿಯಾಗುವುದು, ಕಣ್ಣಲ್ಲಿ ಹೂ ಅರಳುವುದು, ಅಂಥವು. ಬರೆದೂ ನೋಡಿದೆ. ಅವು ಬಣ್ಣ ಬಳಿದ ಹಾಗೆ ಕಂಡವು, ಯಾಕೆಂದರೆ ಅವುಗಳಿಗೆ ಒಂದು ನಡೆ ಇರಲಿಲ್ಲ. ನಿಜವಾದ ಕಾಯಿಲೆಗೆ ಒಂದು ಕ್ಯಾಲೆಂಡರ್ ಇರುತ್ತೆ. ಹೊಕ್ಕ ದಿನ, ಕಾಣಿಸಿಕೊಂಡ ದಿನ, ತಿರುಗುವ ದಿನ, ಬಿಡುವ ದಿನ. ಹಾಗಾಗಿ ಲೋಕದಲ್ಲಿ ಇದ್ದ ಕಾಯಿಲೆಗಳ ನಡೆಯನ್ನೇ ತೆಗೆದುಕೊಂಡು ಹೆಸರು ಮಾತ್ರ ಆ ಊರಿನ ಬಾಯಲ್ಲಿ ಹುಟ್ಟುವಂತೆ ಇಟ್ಟೆ.

ಹುಳುವಿನ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ನನಗೆ ವೈದ್ಯದ ಮಿತಿ ಅಂದರೆ ಏನು ಅಂತ ಮೊದಲು ಅರ್ಥವಾದದ್ದು ಅಲ್ಲಿ.

ನಮ್ಮಲ್ಲಿ ಇದಕ್ಕೆ ನಾರುಹುಣ್ಣು ಅಂತ ಹೆಸರಿತ್ತು. ಭಾರತದಲ್ಲಿ ಕೊನೆಯ ರೋಗಿ ಸಿಕ್ಕಿದ್ದು 1996ರಲ್ಲಿ, ದೇಶ ಇದರಿಂದ ಮುಕ್ತವಾಯಿತು ಅಂತ ಘೋಷಣೆಯಾದದ್ದು 2000ದಲ್ಲಿ. ಬಾವಿಯ ನೀರಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ ಅನ್ನುವಷ್ಟು ಸಣ್ಣ ನೀರುಚಿಗಟಗಳು ಇರುತ್ತವೆ. ಅವುಗಳೊಳಗೆ ಹುಳುವಿನ ಮರಿ. ನೀರು ಕುಡಿದವನಿಗೆ ಏನೂ ಆಗುವುದಿಲ್ಲ. ತಿಂಗಳುಗಟ್ಟಲೆ ಏನೂ ಆಗುವುದಿಲ್ಲ. ಸುಮಾರು ಒಂದು ವರ್ಷ ಕಳೆದ ಮೇಲೆ ಕಾಲಿನಲ್ಲಿ ಒಂದು ಗುಳ್ಳೆ ಏಳುತ್ತೆ. ಬೆಂಕಿ ಇಟ್ಟ ಹಾಗೆ ಉರಿ. ಉರಿ ತಡೆಯಲಾರದೆ ಮನುಷ್ಯ ಕಾಲನ್ನು ಬಾವಿಯ ನೀರಿಗೆ ಇಳಿಸುತ್ತಾನೆ. ಗುಳ್ಳೆ ಒಡೆದು, ಒಳಗಿನ ಹುಳು ಸಾವಿರಾರು ಮರಿಗಳನ್ನು ಅದೇ ನೀರಿಗೆ ಬಿಡುತ್ತೆ.

ಹುಳು ಶಾವಿಗೆ ಎಳೆಯಷ್ಟು ದಪ್ಪ, ಒಂದು ಮೀಟರ್ ತನಕವೂ ಉದ್ದ. ಅದನ್ನು ತೆಗೆಯುವ ಕ್ರಮ ಸಾವಿರಾರು ವರ್ಷಗಳಿಂದ ಒಂದೇ. ಹೊರಗೆ ಬಂದ ತುದಿಯನ್ನು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಬೆರಳಗಲ ಮಾತ್ರ ಎಳೆಯಬೇಕು. ಬಿಗಿ ಬಂತು ಅಂದರೆ ನಿಲ್ಲಿಸಬೇಕು, ಕಡ್ಡಿಯನ್ನು ಕಾಲಿಗೆ ಕಟ್ಟಿ ನಾಳೆ ತನಕ ಕಾಯಬೇಕು. ವಾರಗಟ್ಟಲೆ ಕೆಲಸ. ಅವಸರ ಮಾಡಿ ಹುಳು ತುಂಡಾಯಿತೋ, ಒಳಗುಳಿದ ಭಾಗ ಕೀವು ಹಿಡಿದು ಕಾಲು ಊದುತ್ತೆ.

ಚೆನ್ನಿಗೆ ನಾನು ಈ ಕೈಚಳಕವನ್ನು ಪೂರ್ತಿ ಕೊಟ್ಟೆ. ಅವಳ ಪಂಗಡದ ವೈದ್ಯರು ಇದರಲ್ಲಿ ಎತ್ತಿದ ಕೈ. ನೂರರಲ್ಲಿ ತೊಂಬತ್ತು ಹುಳು ತುಂಡಾಗದೆ ಹೊರಗೆ ಬರುತ್ತವೆ. ಆದರೆ ಹುಳು ಎಲ್ಲಿಂದ ಬಂತು ಅಂತ ಅವರಿಗೆ ಗೊತ್ತಿಲ್ಲ. ಗೊತ್ತಾಗುವುದೂ ಸಾಧ್ಯವಿಲ್ಲ. ನೀರು ಕುಡಿದದ್ದಕ್ಕೂ ಗುಳ್ಳೆ ಎದ್ದದ್ದಕ್ಕೂ ನಡುವೆ ಒಂದು ಇಡೀ ವರ್ಷ ಇದೆ, ಅಷ್ಟರಲ್ಲಿ ಆ ಮನುಷ್ಯ ಎಷ್ಟು ಜಾತ್ರೆ, ಎಷ್ಟು ಮದುವೆ, ಎಷ್ಟು ಬಾವಿ ನೋಡಿರುತ್ತಾನೆ! ಆ ವರ್ಷವನ್ನು ಕಂಡ ಕೂಡಲೇ ನನಗೆ ಒಂದು ಹಿಡಿ ಸಿಕ್ಕಿತು. ವೈದ್ಯರು ದಡ್ಡರಾಗಿ ಸೋಲಬೇಕಾಗಿಲ್ಲ. ಅವರು ಜಾಣರಾಗಿದ್ದೂ ಸೋಲುವಂತೆ ಕಾಯಿಲೆಯೇ ನೋಡಿಕೊಳ್ಳುತ್ತೆ.

ಅದೇ ಬಯಲಿನಲ್ಲಿ ಒಂದು ಊರು ಇಟ್ಟೆ. ಅಲ್ಲಿ ಹೆಂಗಸರು ಮಡಿಗೆ ಅಂತ ನೀರನ್ನು ಸೀರೆ ಸೆರಗಿನ ನಾಲ್ಕು ಮಡಿಕೆಯಲ್ಲಿ ಸೋಸಿ ತುಂಬುತ್ತಾರೆ. ಆ ಊರಿನಲ್ಲಿ ಹುಳುವೇ ಇಲ್ಲ. ಬಟ್ಟೆಯಲ್ಲಿ ನೀರುಚಿಗಟ ಸೋಸಿಹೋಗುತ್ತೆ, ಅಷ್ಟೇ ಕಾರಣ. ಊರವರು ಅಮ್ಮನ ದಯೆ ಅನ್ನುತ್ತಾರೆ. ಚೆನ್ನಿ ಅಲ್ಲಿಗೆ ಹೋಗಿ ದೇವಿಗೆ ಕೈ ಮುಗಿದು, ಸೆರಗನ್ನು ಗಮನಿಸದೆ ವಾಪಸ್ ಬರುತ್ತಾಳೆ. ಕಾದಂಬರಿಯಲ್ಲಿ ನನಗೆ ತುಂಬ ಇಷ್ಟವಾದ ಅರ್ಧ ಪುಟ ಅದು.

ಇನ್ನು ವೈದ್ಯರ ತಲೆಯಲ್ಲಿ ಏನಿರಬೇಕು? ವಾತ, ಪಿತ್ತ, ಕಫವನ್ನು ಹೆಸರು ಬದಲಾಯಿಸಿ ತರಲು ನಾಚಿಕೆಯಾಯಿತು. ನಾನು ಅಡಿಕೆ ತೋಟದ ಊರಿನವನು. ಮಳೆಗಾಲದಲ್ಲಿ ಬಸಿಗಾಲುವೆ ಕಟ್ಟಿಕೊಂಡರೆ ಮರದ ಬೇರು ಕೊಳೆಯುತ್ತೆ, ಬೇಸಿಗೆಯಲ್ಲಿ ನೀರು ಹೋಗದಿದ್ದರೆ ಒಣಗುತ್ತೆ. ಹೊಳೆಸೀಮೆಯವರೂ ಗದ್ದೆ ತೋಟದ ಜನ. ಅವರು ಮೈಯನ್ನು ಇನ್ನು ಹೇಗೆ ಅರ್ಥ ಮಾಡಿಕೊಂಡಾರು? ಮೈ ಒಂದು ತೋಟ, ಒಳಗೆ ಕಾಲುವೆಗಳು. ಕಾಯಿಲೆ ಅಂದರೆ ಎಲ್ಲೋ ಕಟ್ಟಿಕೊಂಡಿದೆ, ಇಲ್ಲವೇ ಎಲ್ಲೋ ಒಡೆದಿದೆ.

ಈ ತತ್ವ ಇಟ್ಟುಕೊಂಡು ಒಂದೊಂದೇ ರೋಗಿಯನ್ನು ಚೆನ್ನಿಯ ಮುಂದೆ ಕೂರಿಸಿದೆ. ಕೀವು ತುಂಬಿದ ಕುರು ಬಂತು. ಕಟ್ಟಿಕೊಂಡಿದೆ, ಬಿಡಿಸಬೇಕು. ಕುಯ್ದು ಬಸಿದಳು. ಸರಿಯಾದ ಚಿಕಿತ್ಸೆ, ಇವತ್ತಿನ ಡಾಕ್ಟರೂ ಅದನ್ನೇ ಮಾಡುತ್ತಾರೆ. ನಾರುಹುಳು ಬಂತು. ಕಾಲುವೆಯಲ್ಲಿ ಬೇರು ಹೊಕ್ಕಿದೆ, ಮೆಲ್ಲಗೆ ಎಳೆಯಬೇಕು. ಅದೂ ಸರಿ. ಆಮೇಲೆ ವಾಂತಿಭೇದಿಯ ಮಗು ಬಂತು. ಚೆನ್ನಿ ಏನು ಹೇಳಬೇಕು? ಕಾಲುವೆ ಒಡೆದಿದೆ, ಮೇಲಿನಿಂದ ನೀರು ನಿಲ್ಲಿಸಿ.

ಬರೆದು ಮುಗಿಸಿ ಸುಮ್ನೆ ಕೂತೆ. ಅದೇ ತತ್ವ, ಅಷ್ಟೇ ತರ್ಕ, ಆದರೆ ಈ ಸಲ ಮಗು ಸಾಯುತ್ತೆ. ಭೇದಿಯಲ್ಲಿ ಕೊಲ್ಲುವುದು ನೀರು ಮತ್ತು ಉಪ್ಪು ಮೈಯಿಂದ ಹೋಗುವುದೇ. ನೀರು ಕೊಡಬೇಡಿ ಅಂತ ನಮ್ಮ ಹಳ್ಳಿಗಳಲ್ಲೂ ಹೇಳುತ್ತಿದ್ದರು, ಅತ್ತಿಗೆ ಎಷ್ಟೋ ತಾಯಂದಿರ ಜೊತೆ ಇದಕ್ಕಾಗಿ ಜಗಳ ಆಡಿದ್ದಾರಂತೆ. ಮೊದಲು ಇದನ್ನು ತಿದ್ದಿ ಚೆನ್ನಿಯನ್ನು ಕಾಪಾಡೋಣ ಅನಿಸಿತು. ಬಿಟ್ಟೆ. ಬದಲಿಗೆ ಪಕ್ಕದ ಮನೆಯ ಅಜ್ಜಿಯೊಬ್ಬಳನ್ನು ತಂದೆ. ಅವಳು ವೈದ್ಯೆ ಅಲ್ಲ. ಚೆನ್ನಿ ಹೋದ ಮೇಲೆ ಕದ್ದು ಗಂಜಿತಿಳಿಗೆ ಉಪ್ಪು ಹಾಕಿ ಮಗುವಿಗೆ ಚಮಚ ಚಮಚವಾಗಿ ಕುಡಿಸುತ್ತಾಳೆ. ಮಗು ಉಳಿಯುತ್ತೆ. ಹೆಸರು ಚೆನ್ನಿಗೆ ಬರುತ್ತೆ.

ಹೆಸರು ಯಾರಿಗೆ ಬರುತ್ತೆ ಅನ್ನುವುದು ದೊಡ್ಡ ವಿಷಯ. ನಾನು ಅದನ್ನು ಕಾಮಾಲೆಯಿಂದ ಕಲಿತೆ. ನೀರಿನಿಂದ ಬರುವ ಸಾಮಾನ್ಯ ಕಾಮಾಲೆ ಬಹುತೇಕ ಜನರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಬಿಡುತ್ತೆ. ಆ ವಾರಗಳಲ್ಲಿ ಯಾರು ಏನು ಕೊಟ್ಟರೂ ಅವರ ಮದ್ದು ಗೆದ್ದ ಹಾಗೆ. ವಿಷದ ಹಾವು ಕಚ್ಚಿದರೂ ಪ್ರತಿ ಸಲ ವಿಷ ಏರುವುದಿಲ್ಲ, ಹಾವು ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತೆ. ಹುಚ್ಚುನಾಯಿ ಕಚ್ಚಿದವರಿಗೆಲ್ಲ ರೋಗ ತಗಲುವುದೂ ಇಲ್ಲ. ಅದಕ್ಕೇ ಕೆಲಸ ಮಾಡದ ಮದ್ದು ನೂರಾರು ವರ್ಷ ಬದುಕುತ್ತೆ. ಹೀಗಾಗಿ ಹೊಳೆಸೀಮೆಯ ಹಳದಿಜ್ವರಕ್ಕೆ ತುಂಬ ದುಬಾರಿಯಾದ, ಏನೂ ಕೆಲಸ ಮಾಡದ ಒಂದು ಕಷಾಯ ಇಟ್ಟೆ. ವೈದ್ಯರ ಅನ್ನ ನಡೆಯುವುದು ಅದರಿಂದಲೇ. ಮೋಸ ಅಲ್ಲ, ಅವರೂ ಅದನ್ನು ನಂಬಿದ್ದಾರೆ.

ಚಳಿಜ್ವರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ದಿನ ನಡುಕ, ಒಂದು ದಿನ ಬಿಡುವು, ಮತ್ತೆ ನಡುಕ, ಹೊಟ್ಟೆಯ ಎಡಗಡೆ ಜ್ವರಗಡ್ಡೆ. ಕಥೆಗೆ ಉಪಯೋಗವಾದದ್ದು ಒಂದೇ ಸಂಗತಿ: ತಗ್ಗಿನಲ್ಲಿ ಹುಟ್ಟಿ ಬೆಳೆದು ಬದುಕಿ ಉಳಿದವರಿಗೆ ಅದು ಅಷ್ಟಾಗಿ ಕಾಡುವುದಿಲ್ಲ, ಹೊರಗಿನಿಂದ ಬಂದವರನ್ನು ಹಾಸಿಗೆ ಹಿಡಿಸುತ್ತೆ. ಬೆಟ್ಟದ ಸೈನ್ಯ ಮಳೆಗಾಲದಲ್ಲಿ ತಗ್ಗಿಗೆ ಇಳಿದು ಬಿಡಾರ ಹೂಡಿತು. ಆಮೇಲೆ ಆಗಿದ್ದನ್ನು ಬರೆಯಲು ನನಗೆ ಯುದ್ಧವೇ ಬೇಕಾಗಲಿಲ್ಲ.

ಹೆಸರುಗಳೂ ಬದಲಾದವು. ಹಳೆಯ ಕಾಲದಲ್ಲಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ದೊಡ್ಡವರಾಗುವ ಮೊದಲೇ ಹೋಗುತ್ತಿದ್ದವು. ನನ್ನ ಕರಡಿನಲ್ಲಿ ಎಲ್ಲರಿಗೂ ಚೆಂದದ ಹೆಸರು, ಎಲ್ಲರ ಮನೆಯಲ್ಲೂ ಅಣ್ಣತಮ್ಮಂದಿರು ಕಿಲಕಿಲ ಅನ್ನುತ್ತಿದ್ದರು. ನಮ್ಮ ಊರುಗಳಲ್ಲಿ ಮುಂಚಿನ ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದವನನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯ ಅಂತ ಕರೆಯುತ್ತಿದ್ದರು, ಸಾವಿಗೂ ಬೇಡವಾಗಲಿ ಅಂತ. ಅದನ್ನು ನೆನೆಸಿಕೊಂಡು ಹೊಳೆಸೀಮೆಯ ಅರ್ಧ ಜನರಿಗೆ ಕಸ, ಬೂದಿ, ಕರಿಕ ಅಂತ ಹೆಸರಿಟ್ಟೆ. ದೊರೆಯ ಮನೆಹೆಸರು ಬೂದಪ್ಪ. ಹಾಗಂತ ಯಾರೂ ಎಲ್ಲೂ ವಿವರಿಸುವುದಿಲ್ಲ.

ಈಗ ವೈದ್ಯರಿಗೆ ಏನು ಸಾಧ್ಯ, ಏನು ಸಾಧ್ಯವಿಲ್ಲ ಅಂತ ಅವರೇ ಹೇಗೆ ಹೇಳುತ್ತಾರೆ ಅನ್ನುವ ಪ್ರಶ್ನೆ. ಹಳೆಯ ವೈದ್ಯಗಳು ಇದರಲ್ಲಿ ನಮಗಿಂತ ನೇರವಾಗಿದ್ದವು. ಈಜಿಪ್ಟಿನ ಸುಮಾರು 3600 ವರ್ಷ ಹಳೆಯ ಒಂದು ಹಾಳೆಸುರುಳಿಯಲ್ಲಿ 48 ರೋಗಿಗಳ ವಿವರ ಇದೆ. ಪರೀಕ್ಷೆ ಆದ ಮೇಲೆ ವೈದ್ಯ ಮೂರರಲ್ಲಿ ಒಂದು ಮಾತು ಹೇಳುತ್ತಾನೆ: ಇದನ್ನು ಗುಣಪಡಿಸುತ್ತೇನೆ, ಇದರ ಜೊತೆ ಹೆಣಗಾಡುತ್ತೇನೆ, ಇದಕ್ಕೆ ಚಿಕಿತ್ಸೆ ಇಲ್ಲ. ನಮ್ಮ ಚರಕ ಸಂಹಿತೆಯೂ ಕಾಯಿಲೆಗಳನ್ನು ಸುಲಭವಾಗಿ ಗುಣವಾಗುವುದು, ಕಷ್ಟದಿಂದ ಗುಣವಾಗುವುದು, ಗುಣವಾಗದೆ ಹತೋಟಿಯಲ್ಲಿ ಮಾತ್ರ ಇಡಬಹುದಾದದ್ದು, ಕೈಬಿಡಬೇಕಾದದ್ದು ಅಂತ ವಿಂಗಡಿಸುತ್ತೆ. ಗುಣವಾಗದ್ದಕ್ಕೆ ಕೈ ಹಾಕಿದ ವೈದ್ಯ ಹಣ, ವಿದ್ಯೆ, ಹೆಸರು ಮೂರನ್ನೂ ಕಳೆದುಕೊಳ್ಳುತ್ತಾನೆ ಅಂತ ಎಚ್ಚರಿಸುತ್ತೆ.

ಹೊಳೆಸೀಮೆಯಲ್ಲಿ ಇದು ದಾರದ ಗಂಟಾಯಿತು. ವೈದ್ಯೆ ರೋಗಿಯನ್ನು ನೋಡಿ ಹೊರಗೆ ಬಂದು ಬಾಗಿಲ ಚಿಲಕಕ್ಕೆ ದಾರ ಕಟ್ಟುತ್ತಾಳೆ. ಒಂದು ಗಂಟು, ಗುಣವಾಗುತ್ತೆ. ಎರಡು, ನೋಡೋಣ. ಮೂರು ಗಂಟಿದ್ದರೆ ಮದ್ದಿಲ್ಲ, ಹಣವನ್ನೂ ಮುಟ್ಟುವುದಿಲ್ಲ. ಬೀದಿಯವರೆಲ್ಲ ದಾರ ನೋಡುತ್ತಾರೆ. ಸಾಲ ಕೊಟ್ಟವನು ಮೂರು ಗಂಟು ಕಂಡರೆ ಸಂಜೆಗೇ ಬಂದು ಕೂರುತ್ತಾನೆ. ಎರಡನೇ ಗಂಟಿಗೆ ಮೂರನೆಯದನ್ನು ಸೇರಿಸಬಹುದು, ಕಟ್ಟಿದ ಗಂಟನ್ನು ಬಿಚ್ಚುವ ಹಾಗಿಲ್ಲ. ಇಷ್ಟು ಇಟ್ಟ ಮೇಲೆ ಯಾವ ಮನೆಯ ಮುಂದೆ ನಿಂತರೂ ಒಂದು ದೃಶ್ಯ ತಯಾರಾಗುತ್ತಿತ್ತು.

ಇಷ್ಟರಲ್ಲಿ ನಿಮಗೆ ಅನಿಸಿರಬಹುದು, ಇದರಲ್ಲಿ ಮಾಯೆ ಎಲ್ಲಿ ಅಂತ. ನನಗೂ ಅದೇ ಚಿಂತೆ. ಸೊಪ್ಪು ಹೋದ ಮೇಲೆ ಒಂದೇ ಒಂದು ಸುಳ್ಳು ಇಡೋಣ, ಅದರ ಕೈಕಾಲು ಬಿಗಿಯಾಗಿ ಕಟ್ಟೋಣ ಅಂದುಕೊಂಡೆ. ಆ ಸುಳ್ಳು ಹೀಗೆ: ಹೊಳೆಸೀಮೆಯ ವೈದ್ಯರು ಬೇರೆಯವರ ನೋವನ್ನು ಹೊರಬಲ್ಲರು. ಅದಕ್ಕೇ ಅವರಿಗೆ ಹೊರೆಗಾರರು ಅಂತ ಹೆಸರು. ರೋಗಿಯ ಚರ್ಮಕ್ಕೆ ಅಂಗೈ ಮುಟ್ಟಿಸಿದರೆ ನೋವು ಪೂರ್ತಿ ಇವರಿಗೆ ಬರುತ್ತೆ. ಕೈ ತೆಗೆದ ಕ್ಷಣ ವಾಪಸ್ ಹೋಗುತ್ತೆ. ಗಾಯ, ಕೀವು, ಜ್ವರ ಯಾವುದೂ ಕದಲುವುದಿಲ್ಲ. ನೋವು ಮಾತ್ರ ಮನೆ ಬದಲಿಸುತ್ತೆ. ಹೊರುವವಳು ಎಚ್ಚರ ತಪ್ಪಿದರೆ ಅದೂ ಮುಗಿಯಿತು.

ಇದರ ಮಿತಿ ಸಾಕೇ ಅಂತ ಪರೀಕ್ಷೆ ಮಾಡಲು ಹೊಟ್ಟೆನೋವಿನ ಹುಡುಗಿಯೊಬ್ಬಳನ್ನು ಬರೆದೆ. ಮೊದಲ ದಿನ ಹೊಕ್ಕಳ ಸುತ್ತ ನೋವು, ಮಾರನೇ ದಿನ ಬಲಗಡೆ ಕೆಳಗೆ ಇಳಿಯುತ್ತೆ. ಅಪೆಂಡಿಕ್ಸ್ ಅಂತ ನಮಗೆ ಗೊತ್ತು. ಎಳೆಯ ಹೊರೆಗಾರನೊಬ್ಬ ರಾತ್ರಿಯಿಡೀ ಅವಳ ಕೈ ಹಿಡಿದು ಕೂರುತ್ತಾನೆ. ಹುಡುಗಿ ನಗುತ್ತಾಳೆ, ಊಟ ಕೇಳುತ್ತಾಳೆ, ಮನೆಯವರು ಗುಣವಾಯಿತು ಅಂತ ಮಲಗುತ್ತಾರೆ. ಮೂರನೇ ದಿನ ಒಳಗೆ ಒಡೆಯುತ್ತೆ. ನೋವು ಹೋದರೆ ಕಾಯಿಲೆಯ ಸುಳಿವೂ ಹೋಯಿತು. ಅದೇ ಚೆನ್ನಿ ಮುಟ್ಟಿದ್ದರೆ ನೋವು ಬಲಕ್ಕೆ ಇಳಿದದ್ದನ್ನು ತನ್ನ ಹೊಟ್ಟೆಯಲ್ಲೇ ತಿಳಿದುಕೊಳ್ಳುತ್ತಿದ್ದಳು. ತಿಳಿದುಕೊಂಡು ಏನು ಮಾಡುತ್ತಿದ್ದಳು? ಹೊಟ್ಟೆ ಕುಯ್ದರೆ ಬದುಕಿಸಲು ಅವರಿಗೆ ಬರುವುದಿಲ್ಲ. ಮೂರು ಗಂಟು ಕಟ್ಟುತ್ತಿದ್ದಳು, ಎರಡು ದಿನ ಮುಂಚೆ. ಅಷ್ಟೇ ವ್ಯತ್ಯಾಸ. ಆದರೆ ಎರಡು ದಿನದಲ್ಲಿ ಹುಡುಗಿಯ ಅಪ್ಪ ಪಕ್ಕದ ಊರಿನಿಂದ ಬರಬಹುದಿತ್ತು.

ಸರಿ, ಕಟ್ಟಿದ್ದಾಯಿತು ಅಂದುಕೊಂಡು ಕಾದಂಬರಿಯ ನಡುಭಾಗಕ್ಕೆ ಬಂದೆ. ಬೊಮ್ಮನ ಸಾವು. ಬೊಮ್ಮ ದೋಣಿ ನಡೆಸುವವನು, ಚೆನ್ನಿಗೆ ತಮ್ಮನ ಹಾಗೆ. ಅವನಿಗೆ ಧನುರ್ವಾಯು ಬರಬೇಕು ಅಂತ ಮುಂಚೆಯೇ ತೀರ್ಮಾನಿಸಿದ್ದೆ. ನೋಟ್‌ಬುಕ್ಕಿನಲ್ಲಿ ಒಂದು ಸಾಲಿಗೆ ಒಂದು ದಿನದಂತೆ ಗೆರೆ ಹಾಕಿ ಬರೆದೆ.

ಮೊದಲ ದಿನ ಹಟ್ಟಿಯ ಹಿಂದೆ ಬಿದಿರಿನ ಕೂಳೆ ಪಾದಕ್ಕೆ ನೆಡುತ್ತೆ. ಚೂಪು, ಆಳ, ರಕ್ತ ಕಡಿಮೆ. ಚೆನ್ನಿ ಕಿತ್ತು, ಮೇಲೆ ತೊಳೆದು, ಜೇನು ಸವರಿ ಕಟ್ಟುತ್ತಾಳೆ. ಚಿಲಕಕ್ಕೆ ಒಂದೇ ಗಂಟು. ಐದನೇ ದಿನಕ್ಕೆ ಗಾಯದ ಬಾಯಿ ಮುಚ್ಚಿದೆ, ನೋಡಲು ಅಂದವಾಗಿದೆ, ಊರು ಚೆನ್ನಿಯನ್ನು ಹೊಗಳುತ್ತೆ. ಅಲ್ಲೇ ಇರುವುದು ಕುತ್ತು. ಮಣ್ಣು ಮತ್ತು ಸಗಣಿಯಲ್ಲಿರುವ ಆ ರೋಗಾಣುವಿಗೆ ಗಾಳಿ ಆಗುವುದಿಲ್ಲ, ಮುಚ್ಚಿದ ಆಳದ ಗಾಯವೇ ಅದಕ್ಕೆ ಮನೆ. ಅದು ಬಿಡುವ ವಿಷ ನರಗಳನ್ನು ಹಿಡಿಯುತ್ತೆ. ಗಾಯವಾದ ಮೂರು ದಿನದಿಂದ ಮೂರು ವಾರದೊಳಗೆ ಯಾವಾಗ ಬೇಕಾದರೂ ಕಾಣಿಸಿಕೊಳ್ಳಬಹುದು. ಎಂಟನೇ ದಿನದ ಆಸುಪಾಸು ಹೆಚ್ಚು.

ನಾನು ಒಂಬತ್ತನೇ ದಿನ ಇಟ್ಟೆ. ಬೆಳಿಗ್ಗೆ ಬೊಮ್ಮನಿಗೆ ಅವಲಕ್ಕಿ ಅಗಿಯಲು ಆಗುವುದಿಲ್ಲ. ಹಲ್ಲುನೋವು ಅಂದುಕೊಳ್ಳುತ್ತಾನೆ. ಸಂಜೆಗೆ ದವಡೆ ಕಚ್ಚಿಕೊಳ್ಳುತ್ತೆ, ಮುಖ ಬಲವಂತವಾಗಿ ನಕ್ಕ ಹಾಗೆ ಬಿಗಿಯುತ್ತೆ. ಮಾರನೇ ದಿನ ಸೆಳವು ಶುರು, ಬೆನ್ನು ಬಿಲ್ಲಿನ ಹಾಗೆ ಬಾಗುತ್ತೆ. ಕೊನೆಯ ತನಕ ಬುದ್ಧಿ ಸ್ವಚ್ಛವಾಗಿರುತ್ತೆ, ಅವನಿಗೆ ಎಲ್ಲ ಗೊತ್ತಾಗುತ್ತಿರುತ್ತೆ. ಚೆನ್ನಿ ಒಂದು ಗಂಟಿಗೆ ಇನ್ನೆರಡು ಸೇರಿಸುತ್ತಾಳೆ. ಆಮೇಲೆ ಒಳಗೆ ಬಂದು ಬೊಮ್ಮನ ಎರಡೂ ಕೈ ಹಿಡಿದು, ನಾಲ್ಕು ರಾತ್ರಿ ಆ ನೋವನ್ನು ಹೊತ್ತು, ಅವನನ್ನು ಶಾಂತವಾಗಿ ಕಳಿಸಿಕೊಡುತ್ತಾಳೆ.

ಬರೆಯುವಾಗ ನನ್ನ ಕಣ್ಣಲ್ಲಿ ನೀರು ಬಂತು. ಹದಿನೆಂಟು ಪುಟ. ಖುಷಿಯಿಂದ ಅತ್ತಿಗೆಗೆ ಕೊಟ್ಟೆ.

ಅವರು ಕನ್ನಡಕ ತೆಗೆದು ಟೀಪಾಯಿ ಮೇಲಿಟ್ಟರು. "ಮುಟ್ಟಿದರೆ ಸೆಳವು ಬರುತ್ತಲ್ಲೋ" ಅಂದರು.

ನನಗೆ ಅರ್ಥವಾಗಲಿಲ್ಲ. ಅವರು ಹೇಳಿದರು. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಧನುರ್ವಾಯುವಿನ ರೋಗಿಗಳಿಗೆ ಬೇರೆಯೇ ಒಂದು ಕೋಣೆ ಇತ್ತಂತೆ. ಕಿಟಕಿಗೆ ಕಪ್ಪು ಬಟ್ಟೆ, ಬಾಗಿಲಲ್ಲಿ ಶಬ್ದ ಮಾಡಬೇಡಿ ಅನ್ನುವ ಬೋರ್ಡು. ಬೆಳಕು, ಸದ್ದು, ಸ್ಪರ್ಶ ಯಾವುದಾದರೂ ಸಾಕು, ಮೈ ಬಿಲ್ಲಾಗುತ್ತೆ. "ಒಂದು ದಿನ ನನ್ನ ಕೈಯಿಂದ ಸ್ಟೀಲ್ ಟ್ರೇ ಜಾರಿತು. ಆ ಹುಡುಗ ಹಿಮ್ಮಡಿ ಮತ್ತೆ ತಲೆ ಮೇಲೆ ನಿಂತುಬಿಟ್ಟ, ನಡುವೆ ಮೈ ಮಂಚಕ್ಕೆ ತಾಗ್ತಾ ಇರಲಿಲ್ಲ. ಈಗಲೂ ಪಾತ್ರೆ ಬಿದ್ದರೆ ನನಗೆ ಅವನೇ ನೆನಪಾಗೋದು." ಸ್ವಲ್ಪ ತಡೆದು, "ನಿನ್ನ ಚೆನ್ನಿ ನಾಲ್ಕು ರಾತ್ರಿ ಕೈ ಹಿಡಿದರೆ ಅವನನ್ನ ಕೊಂದದ್ದು ಅವಳೇ ಆಗ್ತಾಳೆ" ಅಂದರು.

ಹದಿನೆಂಟು ಪುಟ ಹೋಯಿತು. ನಿಜ ಹೇಳಬೇಕೆಂದರೆ ಎರಡು ದಿನ ಅವರ ಮೇಲೆ ಕೋಪವೂ ಇತ್ತು. ನನ್ನ ನಾಡು, ನನ್ನ ಕಾಯಿಲೆ, ಸ್ವಲ್ಪ ಬದಲಾಯಿಸಿದರೆ ಏನಾಗುತ್ತೆ? ಒಬ್ಬ ಗೆಳೆಯ ಉಪಾಯವನ್ನೂ ಹೇಳಿದ: ಚಿಲಕದ ದಾರದ ಇನ್ನೊಂದು ತುದಿಯನ್ನು ಬೊಮ್ಮನ ಮಣಿಕಟ್ಟಿಗೆ ಕಟ್ಟು, ನೋವು ದಾರದ ಮೂಲಕ ಬರಲಿ. ಕೇಳಲು ಚೆನ್ನಾಗಿತ್ತು. ಆದರೆ ದಾರದಲ್ಲಿ ಬರುವುದಾದರೆ ಹೆರಿಗೆಮನೆಗೂ ದಾರ, ಯುದ್ಧಭೂಮಿಗೂ ದಾರ. ಸೊಪ್ಪು ಮತ್ತೆ ಬಂದ ಹಾಗೆಯೇ ಆಯಿತು.

ಮೂರನೇ ದಿನ ರಾತ್ರಿ ಕೂತು ನೋಟ್‌ಬುಕ್ ತೆರೆದಾಗ ತಲೆಗೆ ಹೊಳೆಯಿತು. ಚೆನ್ನಿಯ ಇಡೀ ವಿದ್ಯೆ ಇರುವುದು ಮುಟ್ಟುವುದರಲ್ಲಿ. ಹೊಳೆಸೀಮೆಯಲ್ಲೇ ಅತಿ ಕೆಟ್ಟ ನೋವು ಇರುವುದು ಮುಟ್ಟಬಾರದ ಕಾಯಿಲೆಯಲ್ಲಿ. ನಾನು ಒಂದು ವರ್ಷ ಕೂತು ಕಟ್ಟಿದ ಯಾವ ಮಿತಿಯೂ ಇಷ್ಟು ಗಟ್ಟಿಯಾಗಿರಲಿಲ್ಲ, ಮತ್ತು ಇದನ್ನು ನಾನು ಕಟ್ಟಿಯೇ ಇರಲಿಲ್ಲ. ಎರಡು ನಿಯಮಗಳನ್ನು ಅಕ್ಕಪಕ್ಕ ಇಟ್ಟಿದ್ದೆ, ಅಷ್ಟೇ.

ಮತ್ತೆ ಬರೆದೆ. ಚೆನ್ನಿಗೆ ಇದು ಮುಂಚೆ ಗೊತ್ತಿರುವುದಿಲ್ಲ. ಮೊದಲ ರಾತ್ರಿ ಅಂಗೈ ಚಾಚುತ್ತಾಳೆ, ಬೆರಳು ತಾಗುತ್ತಲೇ ಬೊಮ್ಮ ಬಿಲ್ಲಾಗುತ್ತಾನೆ. ಒಂದು ಕ್ಷಣ ಅವಳೂ ಅದರೊಳಗೆ ಹೋಗಿ ಬರುತ್ತಾಳೆ, ಎಂಥ ನೋವು ಅಂತ ಅವಳಿಗೆ ಗೊತ್ತಾಗುತ್ತೆ. ಆಮೇಲೆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಸ್ತಿಲ ಹೊರಗೆ ಕೂರುತ್ತಾಳೆ. ಕೂತವಳಿಗೆ ಬೀದಿಯ ಸದ್ದುಗಳು ಒಂದೊಂದಾಗಿ ಕೇಳತೊಡಗುತ್ತವೆ. ಪಕ್ಕದ ಮನೆಯ ಒನಕೆ, ಪ್ರತಿ ಪೆಟ್ಟಿಗೂ ಒಳಗೆ ಮಂಚ ಕಿರುಗುಟ್ಟುತ್ತೆ. ಎದ್ದು ಹೋಗಿ ಒನಕೆ ನಿಲ್ಲಿಸುತ್ತಾಳೆ. ಹಸುವಿನ ಕೊರಳ ಗಂಟೆಗೆ ಬಟ್ಟೆ ತುರುಕುತ್ತಾಳೆ. ನಾಯಿಗಳನ್ನು ಹುಡುಗರ ಜೊತೆ ಹೊಳೆಯಾಚೆ ಕಳಿಸುತ್ತಾಳೆ. ಬಾವಿಯ ಗಡಗಡೆಗೆ ಎಣ್ಣೆ ಬಿಡಿಸುತ್ತಾಳೆ. ಬಾಗಿಲಿಗೆ ಕಂಬಳಿ ಕಟ್ಟಿ ಬೆಳಕು ಮುಚ್ಚುತ್ತಾಳೆ. ಎರಡನೇ ದಿನಕ್ಕೆ ಯಾರೂ ಹೇಳದೆ ಇಡೀ ಕೇರಿ ಪಿಸುಮಾತಿಗೆ ಇಳಿಯುತ್ತೆ. ಸೆಳವಿನ ನಡುವಿನ ಬಿಡುವು ಸ್ವಲ್ಪ ಉದ್ದವಾಗುತ್ತೆ. ಬೊಮ್ಮ ಹದಿಮೂರನೇ ದಿನ ಸಾಯುತ್ತಾನೆ. ಅದು ಬದಲಾಗಲಿಲ್ಲ.

ಕಾದಂಬರಿಯ ಕೊನೆಯ ಭಾಗ ಇಪ್ಪತ್ತು ವರ್ಷ ಆಮೇಲೆ ನಡೆಯುತ್ತೆ. ಅಷ್ಟರಲ್ಲಿ ಹೊಳೆಸೀಮೆಯಲ್ಲಿ ಮೂರು ಗಂಟು ಕಂಡ ಬೀದಿ ತಾನಾಗಿಯೇ ಸುಮ್ಮನಾಗುವ ರೂಢಿ ಬಂದಿದೆ. ಹೊಟ್ಟೆನೋವಿಗೂ, ಮುಪ್ಪಿಗೂ, ಎಲ್ಲದಕ್ಕೂ. ಯಾಕೆ ಅಂತ ಎಳೆಯರಿಗೆ ಗೊತ್ತಿಲ್ಲ.

ಹೊಸ ಅಧ್ಯಾಯವನ್ನು ಅತ್ತಿಗೆಗೆ ಕೊಡುವಾಗ ಪಕ್ಕದಲ್ಲೇ ಕೂತಿದ್ದೆ. ಓದುತ್ತಾ ಓದುತ್ತಾ ಒಂದು ಸಲ ಕಣ್ಣೊರೆಸಿಕೊಂಡರು, ನನಗೆ ಕಾಣಬಾರದು ಅಂತ ಮುಖ ತಿರುಗಿಸಿ. ಮುಗಿಸಿ, ಪುಟಗಳನ್ನು ಜೋಡಿಸಿ, ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

"ಹುಂಜ?" ಅಂದರು ಆಮೇಲೆ.

"ಏನು ಹುಂಜ?"

"ನಾಲ್ಕು ರಾತ್ರಿ ಕೂತಿದ್ದಾಳೆ ಅಂದೆ. ನಾಲ್ಕು ಬೆಳಗಾಯ್ತಲ್ಲ. ಕೇರಿಯ ಹುಂಜಗಳನ್ನೆಲ್ಲ ಏನು ಮಾಡಿದಳು?"

ನಾನು ಮರೆತಿದ್ದೆ. ಪುಟಗಳನ್ನು ವಾಪಸ್ ಇಸಿದುಕೊಂಡು ಒಳಗೆ ಹೋದೆ.